ಅಮೆರಿಕದಲ್ಲಿ ಕಾರ್ಡ್ ಮಾರಾಟದ ದುಡ್ಡು ನಿಮ್ಮ ಖಾತೆಗೆ ಬರುವುದು ಯಾವಾಗ?

ಅಮೆರಿಕದಲ್ಲಿ ಹೊಸದಾಗಿ ಅಂಗಡಿ ಅಥವಾ ಕೇಟರಿಂಗ್ ಶುರು ಮಾಡಿದವರೆಲ್ಲ ಮೊದಲ ತಿಂಗಳಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. ಗ್ರಾಹಕರು ಕಾರ್ಡ್ ತಟ್ಟಿದರು, ಮೆಷಿನ್ `Approved` ಅಂತ ತೋರಿಸಿತು, ಅವರ ಫೋನಿಗೆ ಮೆಸೇಜೂ ಬಂತು. ಹಾಗಾದರೆ ನನ್ನ ಖಾತೆಗೆ ದುಡ್ಡು ಯಾಕೆ ಬಂದಿಲ್ಲ? ಯುಪಿಐನಲ್ಲಿ ಕಳಿಸಿದ ದುಡ್ಡು ಕ್ಷಣದಲ್ಲಿ ಮುಟ್ಟುವುದನ್ನು ನೋಡಿದವರಿಗೆ ಇದು ಏನೋ ಎಡವಟ್ಟು ಅನ್ನಿಸುತ್ತದೆ. ಸಾಮಾನ್ಯವಾಗಿ ಎಡವಟ್ಟು ಏನೂ ಆಗಿರುವುದಿಲ್ಲ. ತಡಕ್ಕೆ ಎರಡು ಬೇರೆ ಬೇರೆ ಕಾರಣ ಇರುತ್ತವೆ. ಒಂದು ಕ್ಯಾಲೆಂಡರ್, ಇನ್ನೊಂದು ನಿಮ್ಮ ಕಾರ್ಡ್ ವ್ಯವಹಾರ ನಡೆಸಿಕೊಡುವ ಕಂಪನಿಗೆ, ಅಂದರೆ ಪ್ರೊಸೆಸರ್‌ಗೆ, ನಿಮ್ಮ ಬಗ್ಗೆ ಇರುವ ಭಯ. ನಿಮ್ಮ ದುಡ್ಡು ಯಾವುದರಿಂದ ನಿಂತಿದೆ ಅಂತ ಗೊತ್ತಾದರೆ ಮುಂದೇನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೆಷಿನ್ `Approved` ಅಂದಾಗ ದುಡ್ಡು ಒಂದು ಸೆಂಟೂ ಅಲ್ಲಾಡಿರುವುದಿಲ್ಲ. ಗ್ರಾಹಕರ ಬ್ಯಾಂಕು ಅಷ್ಟು ಮೊತ್ತವನ್ನು ಅವರ ಖಾತೆಯಲ್ಲಿ ತಡೆದಿಟ್ಟು, ನಿಮ್ಮ ಕಡೆಗೆ "ಸರಿ, ಇದೆ" ಅಂತ ಹೇಳಿರುತ್ತದೆ, ಅಷ್ಟೇ. ದಿನದ ಕೊನೆಗೆ ನಿಮ್ಮ ಮೆಷಿನ್ ಅವತ್ತಿನ ಬಿಲ್ಲುಗಳನ್ನೆಲ್ಲ ಒಂದು ಕಟ್ಟು ಮಾಡಿ ಪ್ರೊಸೆಸರ್‌ಗೆ ಕಳಿಸುತ್ತದೆ. ಇದಕ್ಕೆ ಬ್ಯಾಚ್ ಕ್ಲೋಸ್ ಮಾಡುವುದು ಅನ್ನುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ಆ ಬ್ಯಾಚ್ ವೀಸಾ, ಮಾಸ್ಟರ್‌ಕಾರ್ಡ್‌ನಂಥ ನೆಟ್‌ವರ್ಕ್‌ಗಳಿಗೆ ಹೋಗುತ್ತದೆ. ಯಾವ ಬ್ಯಾಂಕು ಯಾವ ಬ್ಯಾಂಕಿಗೆ ಎಷ್ಟು ಕೊಡಬೇಕು ಅಂತ ಅವು ಲೆಕ್ಕ ಹಾಕುತ್ತವೆ. ಸಾವಿರಾರು ಬ್ಯಾಂಕುಗಳ ಕೊಡು-ಕೊಳ್ಳುವಿಕೆಯನ್ನು ಕಳೆದು ಕೂಡಿ, ಒಬ್ಬೊಬ್ಬರಿಗೆ ಒಂದೊಂದು ನಿವ್ವಳ ಮೊತ್ತ ಮಾಡುತ್ತವೆ. ಆ ಮೊತ್ತ ಪ್ರೊಸೆಸರ್‌ನ ಹಿಂದಿರುವ ಬ್ಯಾಂಕಿಗೆ ಬರುತ್ತದೆ. ಈ ಬ್ಯಾಂಕಿಗೆ ಅಕ್ವೈರರ್ ಅಂತ ಹೆಸರು. ಅಲ್ಲಿಂದ ನಿಮ್ಮ ಖಾತೆಗೆ ಇನ್ನೊಂದು ಪಯಣ ಇದೆ. ಅದು ಹೆಚ್ಚಾಗಿ ಎಸಿಎಚ್ ಅನ್ನುವ ವ್ಯವಸ್ಥೆಯ ಮೂಲಕ. ಸಂಬಳ ಖಾತೆಗೆ ಬರುವುದೂ ಇದರಲ್ಲೇ.

ಎಸಿಎಚ್ ಬ್ಯಾಂಕುಗಳ ಕೆಲಸದ ದಿನಗಳಲ್ಲಿ ಮಾತ್ರ ಇತ್ಯರ್ಥವಾಗುತ್ತದೆ. ಶನಿವಾರ, ಭಾನುವಾರ ಇಲ್ಲ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ಗೆ ವರ್ಷಕ್ಕೆ 11 ರಜೆ ಇವೆ, ಅವತ್ತೂ ಇಲ್ಲ. ಅಂಗಡಿಯವರಿಗೆ ತೊಂದರೆ ಕೊಡುವುದು ಕ್ರಿಸ್‌ಮಸ್ ಅಲ್ಲ, ಅದು ಎಲ್ಲರಿಗೂ ನೆನಪಿರುತ್ತದೆ. ಜೂನ್‌ಟೀನ್ತ್, ಕೊಲಂಬಸ್ ಡೇ, ವೆಟರನ್ಸ್ ಡೇಗಳಲ್ಲಿ ನಿಮ್ಮ ಅಂಗಡಿ ತೆರೆದಿರುತ್ತದೆ, ಬ್ಯಾಂಕುಗಳ ನಡುವಿನ ವ್ಯವಹಾರ ಮಾತ್ರ ನಿಂತಿರುತ್ತದೆ. ಇನ್ನೊಂದು ನಿಯಮ ಗೊತ್ತಿರಲಿ. ರಜೆ ಭಾನುವಾರ ಬಿದ್ದರೆ ಫೆಡ್ ಸೋಮವಾರ ಮುಚ್ಚುತ್ತದೆ. ಶನಿವಾರ ಬಿದ್ದರೆ ಹಿಂದಿನ ಶುಕ್ರವಾರ ತೆರೆದೇ ಇರುತ್ತದೆ. 2026ರ ಜುಲೈ 4 ಶನಿವಾರ. ಹಾಗಾಗಿ ಜುಲೈ 3ರಂದು ಸರ್ಕಾರಿ ಕಚೇರಿಗಳಿಗೆ ರಜೆ ಇದ್ದರೂ ಎಸಿಎಚ್‌ಗೆ ಅದು ಕೆಲಸದ ದಿನವೇ.

ಒಂದು ಉದಾಹರಣೆ ಹಿಡಿದು ನೋಡೋಣ. ಕ್ಯಾಲಿಫೋರ್ನಿಯಾದಲ್ಲಿ ಒಂದು ಚಿಕ್ಕ ದಿನಸಿ ಅಂಗಡಿ. ಅವರ ಒಪ್ಪಂದದಲ್ಲಿ "ಎರಡು ಕೆಲಸದ ದಿನ" ಅಂತ ಇದೆ. ಬ್ಯಾಚಿನ ಗಡುವು ಈಸ್ಟರ್ನ್ ಸಮಯ ರಾತ್ರಿ 8. ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಸಂಜೆ 5. ಕಮಿಷನ್ ಶೇಕಡ 2.6, ಜೊತೆಗೆ ಬಿಲ್ಲಿಗೆ 10 ಸೆಂಟ್. 2025ರ ಆಗಸ್ಟ್ 29, ಶುಕ್ರವಾರ ಅಂತ ಇಟ್ಟುಕೊಳ್ಳಿ. ಸಂಜೆ 5ರ ಒಳಗೆ 60 ಬಿಲ್, ಒಟ್ಟು 1,800 ಡಾಲರ್. ಕೆಲಸ ಮುಗಿಸಿ ಬಂದ ಗ್ರಾಹಕರಿಂದ 5ರ ನಂತರ 40 ಬಿಲ್, 1,200 ಡಾಲರ್.

ಮೊದಲ ಭಾಗ ಶುಕ್ರವಾರದ ಲೆಕ್ಕಕ್ಕೆ ಹೋಯಿತು. ಆದರೆ ಮುಂದಿನ ಸೋಮವಾರ, ಸೆಪ್ಟೆಂಬರ್ 1, ಲೇಬರ್ ಡೇ. ಹಾಗಾಗಿ ಮೊದಲ ಕೆಲಸದ ದಿನ ಮಂಗಳವಾರ, ಎರಡನೆಯದು ಬುಧವಾರ. 1,800ಕ್ಕೆ ಕಮಿಷನ್ 46.80, ಬಿಲ್ಲುಗಳಿಗೆ 6 ಡಾಲರ್. ಅದನ್ನು ಕಳೆದು 1,747.20 ಡಾಲರ್ ಬುಧವಾರ, ಸೆಪ್ಟೆಂಬರ್ 3ಕ್ಕೆ ಬಂತು. ಸಂಜೆಯ 1,200 ಗಡುವು ದಾಟಿತ್ತು. ಅದು ಶನಿವಾರದ ಬ್ಯಾಚಿಗೆ ಸೇರಿತು. ಈ ಪ್ರೊಸೆಸರ್ ರಜಾದಿನದ ಬ್ಯಾಚನ್ನು ಮುಂದಿನ ಕೆಲಸದ ದಿನದ್ದು ಅಂತ ಲೆಕ್ಕ ಹಿಡಿಯುತ್ತದೆ, ಅಂದರೆ ಮಂಗಳವಾರದ್ದು. ಅಲ್ಲಿಂದ ಎರಡು ದಿನ ಎಣಿಸಿದರೆ ಗುರುವಾರ. ಒಂದೇ ಶುಕ್ರವಾರದ ಮಾರಾಟ ಎರಡು ಬೇರೆ ದಿನ ಬಂತು, ಅದೂ ಸೆಪ್ಟೆಂಬರ್ 1ರ ಬಾಡಿಗೆ ಕಟ್ಟುವ ದಿನ ಕಳೆದ ಮೇಲೆ.

ಇನ್ನೊಂದು ಗೊಂದಲ ಗುರುವಾರ ಕಾಣುತ್ತದೆ. ಶುಕ್ರವಾರ ಸಂಜೆಯದು, ಶನಿವಾರದ್ದು, ಭಾನುವಾರದ್ದು, ಸೋಮವಾರದ್ದು ಎಲ್ಲ ಸೇರಿ ಒಂದೇ ಮೊತ್ತವಾಗಿ ಬೀಳಬಹುದು. ನಡುವೆ ಯಾರಿಗೋ 90 ಡಾಲರ್ ವಾಪಸ್ ಕೊಟ್ಟಿದ್ದರೆ ಅದನ್ನೂ ಅದರಲ್ಲೇ ಕಳೆದಿರುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ದಿನದ ಮಾರಾಟ ತಾಳೆ ಹಾಕಲು ಹೊರಟರೆ ಯಾವತ್ತೂ ತಾಳೆ ಆಗುವುದಿಲ್ಲ. ಪ್ರೊಸೆಸರ್ ನಿಮ್ಮ ಖಾತೆಗೆ ಹಾಕುವ ದುಡ್ಡಿಗೆ ಪೇಔಟ್ ಅನ್ನುತ್ತಾರೆ. ಅವರ ಪೇಔಟ್ ವರದಿಯನ್ನು ತೆಗೆದು, ಒಂದೊಂದು ಜಮೆಯ ಒಳಗೆ ಯಾವ ಬಿಲ್ಲುಗಳಿವೆ ಅಂತ ನೋಡಿ. ತೆರಿಗೆಗೂ ಇದೇ ಬೇಕು. ವರ್ಷ ಮುಗಿದ ಮೇಲೆ ಬರುವ 1099-K ಫಾರ್ಮಿನಲ್ಲಿ ಕಮಿಷನ್, ವಾಪಸಾತಿ ಕಳೆಯುವ ಮೊದಲಿನ ಪೂರ್ತಿ ಮೊತ್ತ ಇರುತ್ತದೆ, ನಿಮ್ಮ ಖಾತೆಗೆ ಬಂದದ್ದಲ್ಲ.

ಇಲ್ಲಿಯವರೆಗೆ ಹೇಳಿದ್ದು ಕ್ಯಾಲೆಂಡರ್ ತಡ. ಇದನ್ನು ಮೊದಲೇ ಲೆಕ್ಕ ಹಾಕಬಹುದು. ಇದಕ್ಕಾಗಿ ಯಾರಿಗೂ ಫೋನ್ ಮಾಡಬೇಕಿಲ್ಲ.

ಎರಡನೆಯ ತಡ ಬೇರೆ ಜಾತಿಯದು, ನನ್ನ ಪ್ರಕಾರ ಹೊಸಬರು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ. ಕಾರ್ಡ್ ಮಾರಾಟದಲ್ಲಿ ದುಡ್ಡು ನಿಮ್ಮ ಖಾತೆಗೆ ಬಂದ ಮೇಲೂ ಪೂರ್ತಿ ನಿಮ್ಮದಾಗಿರುವುದಿಲ್ಲ. ಗ್ರಾಹಕರು "ನಾನು ಇದನ್ನು ಕೊಂಡಿಲ್ಲ" ಅಥವಾ "ಸಾಮಾನು ಬರಲೇ ಇಲ್ಲ" ಅಂತ ತಮ್ಮ ಬ್ಯಾಂಕಿಗೆ ದೂರು ಕೊಟ್ಟು ದುಡ್ಡು ಹಿಂದಕ್ಕೆ ಎಳೆಯಬಹುದು. ಇದು ಚಾರ್ಜ್‌ಬ್ಯಾಕ್. ನೆಟ್‌ವರ್ಕ್‌ಗಳ ನಿಯಮದಲ್ಲಿ ಹೆಚ್ಚಿನ ದೂರುಗಳಿಗೆ 120 ದಿನದವರೆಗೆ ಅವಕಾಶ ಇದೆ. ಆ ದುಡ್ಡನ್ನು ಮೊದಲು ಕೇಳುವುದು ನಿಮ್ಮನ್ನಲ್ಲ, ಅಕ್ವೈರರ್ ಅನ್ನು. ಅದು ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತದೆ. ಅಷ್ಟರಲ್ಲಿ ನೀವು ಅಂಗಡಿ ಮುಚ್ಚಿದ್ದರೆ, ಖಾತೆ ಖಾಲಿ ಇದ್ದರೆ, ನಷ್ಟ ಅದಕ್ಕೇ. ಅಂದರೆ ನಿಮಗೆ ಎರಡು ದಿನದಲ್ಲಿ ಕೊಡುವ ದುಡ್ಡು ಅವರ ಲೆಕ್ಕದಲ್ಲಿ ತಿಂಗಳುಗಟ್ಟಲೆ ಸಾಲದ ಹಾಗೆಯೇ ಇರುತ್ತದೆ.

ಆದ್ದರಿಂದಲೇ ಹೊಸ ಖಾತೆಗೆ ಮೊದಲ ಪೇಔಟ್ ತಡ. ಕೆಲವು ಕಡೆ 7ರಿಂದ 14 ದಿನ ಆಗುತ್ತದೆ. ಅರ್ಜಿಯಲ್ಲಿ ನೀವು "ಒಂದು ಬಿಲ್ ಸುಮಾರು 40 ಡಾಲರ್" ಅಂತ ಬರೆದು, ಒಂದು ದಿನ ದಿಢೀರನೆ 6,000 ಡಾಲರಿನ ಕಾರ್ಡ್ ಉಜ್ಜಿದರೆ ದುಡ್ಡು ನಿಲ್ಲುತ್ತದೆ. ಕಾರ್ಡ್ ಕೈಯಲ್ಲಿಲ್ಲದೆ ಫೋನಿನಲ್ಲಿ ನಂಬರ್ ಕೇಳಿ ಟೈಪ್ ಮಾಡಿದರೂ ಅನುಮಾನ ಜಾಸ್ತಿ. ಕೇಟರಿಂಗ್ ಮಾಡುವವರಿಗೆ ಇದು ಹೆಚ್ಚು ತಟ್ಟುತ್ತದೆ. ದೀಪಾವಳಿ ಊಟಕ್ಕೆ ಆಗಸ್ಟ್‌ನಲ್ಲೇ ಮುಂಗಡ ತೆಗೆದುಕೊಂಡಿರಿ ಅಂದುಕೊಳ್ಳಿ. ಊಟ ಬರಲಿಲ್ಲ ಅನ್ನುವ ದೂರಿನ 120 ದಿನ ಆಗಸ್ಟ್‌ನಿಂದ ಎಣಿಸುವುದಲ್ಲ, ಊಟ ಬಡಿಸಬೇಕಾದ ದಿನದಿಂದ. ಅಕ್ವೈರರ್ ಅಷ್ಟು ದೂರದ ಅಪಾಯ ಹೊರಬೇಕು. ಹಾಗಾಗಿ ಕೆಲವರಿಗೆ ಪ್ರತಿ ಮಾರಾಟದಲ್ಲಿ ಶೇಕಡ 5 ಅಥವಾ 10ರಷ್ಟು ಹಿಡಿದಿಟ್ಟು ಆರು ತಿಂಗಳ ನಂತರ ಬಿಡುತ್ತಾರೆ. ಇದಕ್ಕೆ ರೋಲಿಂಗ್ ರಿಸರ್ವ್ ಅನ್ನುತ್ತಾರೆ. ಒಪ್ಪಂದದಲ್ಲಿ ಇದಕ್ಕೆ ಅಧಿಕಾರ ಬರೆದೇ ಇರುತ್ತಾರೆ. ಸಹಿ ಹಾಕುವ ಮೊದಲು ಆ ಒಂದು ಪುಟ ಓದಿ ನೋಡಿ.

ಎರಡನ್ನೂ ಬೇರೆ ಮಾಡಿ ನೋಡುವುದು ಹೀಗೆ. ಪ್ರೊಸೆಸರ್‌ನ ಪುಟದಲ್ಲಿ ಪೇಔಟ್‌ಗೆ ತಾರೀಕು ಕಾಣುತ್ತಿದ್ದರೆ, `Pending` ಅಥವಾ `In transit` ಅಂತ ಇದ್ದರೆ, ಅದು ಕ್ಯಾಲೆಂಡರ್. ಸುಮ್ನೆ ಕಾಯಿರಿ. ತಾರೀಕೇ ಇಲ್ಲದೆ `On hold` ಅಥವಾ `Reserve` ಅಂತ ಇದ್ದರೆ ಕಾಯುವುದರಿಂದ ಪ್ರಯೋಜನ ಇಲ್ಲ. ಅವರು ನಿಮ್ಮಿಂದ ದಾಖಲೆ ಕೇಳಿ ಇಮೇಲ್ ಕಳಿಸಿರುತ್ತಾರೆ, ಸ್ಪ್ಯಾಮ್ ಪೆಟ್ಟಿಗೆಯಲ್ಲೂ ಹುಡುಕಿ. ಇನ್‌ವಾಯ್ಸ್, ಗ್ರಾಹಕರ ಜೊತೆ ಮಾಡಿದ ಒಪ್ಪಂದ, ಸಾಮಾನು ತಲುಪಿದ ರಸೀದಿ, ಇವನ್ನು ಅವತ್ತೇ ಕಳಿಸಿ. ದೊಡ್ಡ ಆರ್ಡರ್ ಬರುವುದು ಮೊದಲೇ ಗೊತ್ತಿದ್ದರೆ ಕಾರ್ಡ್ ಉಜ್ಜುವ ಮುಂಚೆಯೇ ತಿಳಿಸುವುದು ಇನ್ನೂ ಒಳ್ಳೆಯದು.

ಮೂರನೆಯ ಸ್ಥಿತಿಯೂ ಒಂದಿದೆ. ಅಲ್ಲಿ `Paid` ಅಂತ ಇದೆ, ಖಾತೆಯಲ್ಲಿ ಮಾತ್ರ ಏನೂ ಇಲ್ಲ. ಆಗ ಪ್ರೊಸೆಸರ್‌ನಿಂದ ಎಸಿಎಚ್ ಟ್ರೇಸ್ ನಂಬರ್ ಕೇಳಿ, ಅದು 15 ಅಂಕಿ. ಅದನ್ನು ನಿಮ್ಮ ಬ್ಯಾಂಕಿಗೆ ಕೊಟ್ಟರೆ ಅವರು ಹುಡುಕಬಲ್ಲರು. ಖಾತೆ ನಂಬರ್ ತಪ್ಪಿದ್ದರೆ ದುಡ್ಡು `R03` ಅಥವಾ `R04` ಅನ್ನುವ ಕೋಡಿನ ಜೊತೆ ಸಾಮಾನ್ಯವಾಗಿ ಎರಡು ಕೆಲಸದ ದಿನದೊಳಗೆ ವಾಪಸ್ ಹೋಗುತ್ತದೆ, ಮುಂದಿನ ಪೇಔಟ್‌ಗಳೂ ನಿಲ್ಲಬಹುದು. ಕೆಲವು ಬ್ಯಾಂಕುಗಳಲ್ಲಿ ವೈರ್‌ಗೆ ಒಂದು ರೌಟಿಂಗ್ ನಂಬರ್, ಎಸಿಎಚ್‌ಗೆ ಇನ್ನೊಂದು ಇರುತ್ತದೆ. ನೀವು ಎಸಿಎಚ್‌ನದ್ದೇ ಕೊಟ್ಟಿದ್ದೀರಾ ನೋಡಿಕೊಳ್ಳಿ.

ನಮ್ಮ ಹೆಸರುಗಳ ವಿಷಯದಲ್ಲಿ ಇನ್ನೂ ಸ್ವಲ್ಪ ಎಚ್ಚರ ಬೇಕು. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಹೆಸರು ಬಿಡಿಸಿ ಬರೆದದ್ದು, ಮತ್ತೊಂದು ಕಡೆ ಊರಿನ ಹೆಸರು ಸೇರಿದ್ದು. ಪ್ರೊಸೆಸರ್‌ಗೆ ಕೊಟ್ಟ ಹೆಸರು ಮತ್ತು ತೆರಿಗೆ ನಂಬರ್, ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ದಾಖಲೆಗೆ ಹೊಂದದಿದ್ದರೆ, ನೋಟಿಸ್ ಬಂದ ಮೇಲೂ ಸರಿಪಡಿಸದಿದ್ದರೆ, ನಿಮ್ಮ ಮಾರಾಟದಿಂದ ಶೇಕಡ 24 ಕತ್ತರಿಸಿ ಐಆರ್‌ಎಸ್‌ಗೆ ಕಟ್ಟುತ್ತಾರೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅಥವಾ ವ್ಯಾಪಾರದ ತೆರಿಗೆ ನಂಬರಾದ ಇಐಎನ್‌ಗೆ ಐಆರ್‌ಎಸ್ ಕೊಟ್ಟ ಪತ್ರದಲ್ಲಿ ಹೇಗಿದೆಯೋ ಅಕ್ಷರಶಃ ಹಾಗೇ ಬರೆಯಿರಿ.

ಅರ್ಜೆಂಟಿಗೆ ತಕ್ಷಣದ ಪೇಔಟ್ ಅಂತ ಒಂದು ಬಟನ್ ಇರುತ್ತದೆ. ಬ್ಯಾಂಕುಗಳ ನಡುವೆ ಕ್ಷಣದಲ್ಲಿ ದುಡ್ಡು ಮುಟ್ಟಿಸುವ ಎರಡು ವ್ಯವಸ್ಥೆಗಳಿವೆ, 2017ರಲ್ಲಿ ಬಂದ ಆರ್‌ಟಿಪಿ, 2023ರ ಜುಲೈನಲ್ಲಿ ಬಂದ ಫೆಡ್‌ನೌ. ಎರಡೂ ಭಾನುವಾರವೂ ಓಡುತ್ತವೆ, ನಿಮ್ಮ ಬ್ಯಾಂಕು ಅವುಗಳಲ್ಲಿ ಸೇರಿದ್ದರೆ. ಕೆಲವು ಪ್ರೊಸೆಸರ್‌ಗಳು ನಿಮ್ಮ ಡೆಬಿಟ್ ಕಾರ್ಡಿಗೇ ಹಾಕುತ್ತವೆ. ಇದಕ್ಕೆ ಸಾಮಾನ್ಯವಾಗಿ ಶೇಕಡ 1ರಿಂದ 2ರ ಆಸುಪಾಸು ಹೆಚ್ಚುವರಿ ಶುಲ್ಕ. ನಮ್ಮ ಉದಾಹರಣೆಯ ಅಂಗಡಿಯವರು ಶೇಕಡ 1.5ರ ದರದಲ್ಲಿ 1,747.20 ಡಾಲರ್ ಶುಕ್ರವಾರವೇ ತೆಗೆದುಕೊಂಡಿದ್ದರೆ ಸುಮಾರು 26 ಡಾಲರ್ ಹೋಗುತ್ತಿತ್ತು. ಬಾಡಿಗೆಯ ತಡದ ದಂಡ ಅದಕ್ಕಿಂತ ಜಾಸ್ತಿ ಇದ್ದರೆ ತೆಗೆದುಕೊಳ್ಳುವುದೇ ಸರಿ. ವಾರವಾರ ಹೀಗೆ ಮಾಡುವುದು ಮಾತ್ರ ಬೇಡ, ದಿನಸಿಯಂಥ ವ್ಯಾಪಾರದ ಲಾಭದಲ್ಲಿ ಅದಕ್ಕೆ ಜಾಗ ಇಲ್ಲ. ಪ್ರೊಸೆಸರ್ ತಡೆದಿಟ್ಟ ದುಡ್ಡಿಗೂ ಈ ಬಟನ್ ನಡೆಯುವುದಿಲ್ಲ.

ದುಡ್ಡಿನ ಅಡಚಣೆಯಲ್ಲಿ ಕೆಲವರು ತಮ್ಮದೇ ಕ್ರೆಡಿಟ್ ಕಾರ್ಡನ್ನು ತಮ್ಮದೇ ಮೆಷಿನ್‌ನಲ್ಲಿ ಉಜ್ಜುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಕಾರ್ಡ್ ನಿಯಮಗಳಿಗೆ ವಿರುದ್ಧ, ಖಾತೆಯನ್ನೇ ಮುಚ್ಚಲು ಕಾರಣವಾಗಬಹುದು. ಹಾಗೆ ಮುಚ್ಚಿಸಿಕೊಂಡ ಅಂಗಡಿಗಳ ಹೆಸರು ಮಾಸ್ಟರ್‌ಕಾರ್ಡ್ ನಡೆಸುವ ಮ್ಯಾಚ್ ಪಟ್ಟಿಗೆ ಸೇರಿದರೆ ಐದು ವರ್ಷ ಅಲ್ಲೇ ಇರುತ್ತದೆ, ಅಷ್ಟು ದಿನ ಇನ್ನೊಂದು ಪ್ರೊಸೆಸರ್ ಸಿಗುವುದು ಬಹಳ ಕಷ್ಟ.