ಕಾರು ಲೀಸಿಗೋ, ಸ್ವಂತಕ್ಕೋ: ರೀಸೇಲ್ ಬೆಲೆಯಿಂದ ಹಿಂದಕ್ಕೆ ಹಾಕಿದ ಲೆಕ್ಕ

ಕಾರು ಲೀಸಿಗೆ ತಗೊಳ್ಳೋದಾ, ಕೊಂಡೇ ಬಿಡೋದಾ ಅಂತ ಯೋಚಿಸುವಾಗ ಎಲ್ಲರೂ ಮೊದಲು ತಿಂಗಳ ಬಾಡಿಗೆಯನ್ನೂ ಇಎಂಐಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಆ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ. ಬಾಡಿಗೆ ಕಟ್ಟಿ ಮುಗಿಸಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಇಎಂಐ ಮುಗಿದಾಗ ಕೈಯಲ್ಲಿ ಒಂದು ಹಳೇ ಕಾರು ಇರುತ್ತದೆ. ಆ ಹಳೇ ಕಾರಿಗೆ ಎಷ್ಟು ಬೆಲೆ ಅನ್ನುವುದರ ಮೇಲೇ ಇಡೀ ತೀರ್ಮಾನ ನಿಂತಿರುತ್ತದೆ. ತೊಂದರೆ ಏನೆಂದರೆ, ನಾಲ್ಕು ವರ್ಷದ ನಂತರದ ಬೆಲೆ ಇವತ್ತು ಯಾರಿಗೂ ಗೊತ್ತಿಲ್ಲ.

ಬೆಂಗಳೂರಿನಲ್ಲಿ ಸಣ್ಣ ಅಂಗಡಿ, ವರ್ಕ್‌ಶಾಪ್‌ಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಗಿರಾಕಿಗಳ ಹತ್ತಿರ ಓಡಾಡಲು ನನಗೊಂದು ಎಲೆಕ್ಟ್ರಿಕ್ ಕಾರು ಬೇಕಿತ್ತು. ಅದಕ್ಕೆ ಲೆಕ್ಕ ಹಾಕುವಾಗ ನಾನು ಪ್ರಶ್ನೆಯನ್ನೇ ತಿರುಗಿಸಿ ಇಟ್ಟೆ. ರೀಸೇಲ್ ಎಷ್ಟು ಬರಬಹುದು ಅಂತ ಊಹಿಸಲಿಲ್ಲ. ಎಷ್ಟು ಬಂದರೆ ಎರಡೂ ದಾರಿ ಸಮ ಆಗುತ್ತವೆ ಅಂತ ಮೊದಲು ಕಂಡುಹಿಡಿದೆ. ಆಮೇಲೆ ಆ ಬೆಲೆ ಸಿಗುತ್ತದಾ ಅಂತ ಮಾರ್ಕೆಟ್ಟಿನಲ್ಲಿ ಕೇಳಿದೆ.

ಮೊದಲು ಲೀಸಿನ ಕಡೆ ನೋಡೋಣ. ನಾಲ್ಕು ವರ್ಷಕ್ಕೆ, ಜಿಎಸ್‌ಟಿ ಸೇರಿ ತಿಂಗಳಿಗೆ 26,000 ರೂಪಾಯಿ ಬಾಡಿಗೆ. ವಿಮೆ, ಸರ್ವಿಸ್, ಟೈರು ಎಲ್ಲ ಅದರಲ್ಲೇ. ಡೆಪಾಸಿಟ್ 50,000, ಕೊನೆಗೆ ಬಡ್ಡಿ ಇಲ್ಲದೆ ವಾಪಸ್. ವರ್ಷಕ್ಕೆ 15,000 ಕಿಲೋಮೀಟರ್ ಮಿತಿ, ದಾಟಿದರೆ ಕಿಲೋಮೀಟರಿಗೆ 8 ರೂಪಾಯಿ.

ಕೊಳ್ಳುವುದಾದರೆ ಅದೇ ಕಾರಿನ ಆನ್‌ರೋಡ್ ಬೆಲೆ 13 ಲಕ್ಷ. ಬ್ಯಾಂಕ್ ಸಾಲ 9% ಬಡ್ಡಿಗೆ ಸಿಗುತ್ತಿತ್ತು. ಮೊದಲ ವರ್ಷದ ವಿಮೆ ಆನ್‌ರೋಡ್ ಬೆಲೆಯಲ್ಲೇ ಇದೆ. ಆಮೇಲಿನ ವಿಮೆ, ಸರ್ವಿಸ್, ಟೈರು ಸೇರಿ ಮೊದಲ ವರ್ಷದ ಕೊನೆಗೆ 28,000, ಎರಡನೇ ವರ್ಷದ ಕೊನೆಗೆ 27,000, ಮೂರನೆಯದರ ಕೊನೆಗೆ 58,000, ಮಾರುವ ಮುಂಚೆ ಇನ್ನೊಂದು 5,000 ಅಂತ ಇಟ್ಟುಕೊಂಡೆ. ಮೂರನೇ ವರ್ಷ ಜಾಸ್ತಿ ಯಾಕೆಂದರೆ ಟೈರು ಬದಲಾಯಿಸಬೇಕು. ಜೊತೆಗೆ ಹೊಸ ಕಾರಿಗೆ ಕಡ್ಡಾಯವಾಗಿ ಮಾಡಿಸುವ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯೂ ಆಗಲೇ ಮುಗಿಯುತ್ತದೆ.

ಚಾರ್ಜಿಂಗ್, ಪಾರ್ಕಿಂಗ್, ಟೋಲ್ ಎರಡೂ ಕಡೆ ಒಂದೇ. ಅವನ್ನು ಲೆಕ್ಕಕ್ಕೇ ತರಲಿಲ್ಲ. ತೆರಿಗೆಯದೂ ಹಾಗೇ. ಬಂದ ಫೀಸಿನಲ್ಲಿ ಅರ್ಧವನ್ನು ಲಾಭ ಅಂತ ತೋರಿಸುವ ಅಂದಾಜು ಪದ್ಧತಿಯಲ್ಲಿ ನಾನು ತೆರಿಗೆ ಕಟ್ಟುತ್ತೇನೆ. ಅಲ್ಲಿ ಬಾಡಿಗೆಯನ್ನೂ ಸವಕಳಿಯನ್ನೂ ಬೇರೆಯಾಗಿ ಖರ್ಚಿಗೆ ಹಾಕುವ ಹಾಗಿಲ್ಲ. ಪೂರ್ತಿ ಲೆಕ್ಕಪುಸ್ತಕ ಇಡುವವರಿಗೆ, ಆಫೀಸಿನ ಮೂಲಕ ಲೀಸ್ ಮಾಡಿ ಸಂಬಳದಲ್ಲಿ ಹಿಡಿಸುವವರಿಗೆ ಈ ಭಾಗ ಬೇರೆಯಾಗುತ್ತದೆ. ಅವರು ತೆರಿಗೆ ಉಳಿತಾಯ ಕಳೆದ ಮೇಲಿನ ಮೊತ್ತಗಳನ್ನು ಇಟ್ಟುಕೊಂಡೇ ಶುರುಮಾಡಬೇಕು.

ಇನ್ನು ಎಲ್ಲವನ್ನೂ ಇವತ್ತಿನ ಮೌಲ್ಯಕ್ಕೆ ಇಳಿಸಬೇಕು. ನಾಲ್ಕು ವರ್ಷ ಬಿಟ್ಟು ಕೈಗೆ ಬರುವ ಒಂದು ರೂಪಾಯಿ, 9% ಲೆಕ್ಕದಲ್ಲಿ, ಇವತ್ತಿನ ಸುಮಾರು 70 ಪೈಸೆಗೆ ಸಮ. ಲೀಸ್ ಬಾಡಿಗೆಯನ್ನು ಹೀಗೆ ಇಳಿಸಲು ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸಾಲು ಸಾಕು:

```
=PV(0.09/12, 48, -26000, 0, 1)
```

ಕೊನೆಯ 1 ಮರೆಯಬಾರದು. ಲೀಸ್ ಬಾಡಿಗೆಯನ್ನು ತಿಂಗಳ ಶುರುವಿನಲ್ಲೇ ಕಟ್ಟಬೇಕು, ಇಎಂಐ ಹಾಗೆ ತಿಂಗಳ ಕೊನೆಗಲ್ಲ. ಉತ್ತರ ಸುಮಾರು 10.53 ಲಕ್ಷ. ಡೆಪಾಸಿಟ್ಟಿನ 50,000 ನಾಲ್ಕು ವರ್ಷ ಸುಮ್ನೆ ಕೂತಿರುತ್ತದೆ. ವಾಪಸ್ ಬರುವಾಗ ಅದರ ಇವತ್ತಿನ ಮೌಲ್ಯ ಸುಮಾರು 35,000, ಅಂದರೆ 15,000 ಖರ್ಚಾದ ಹಾಗೇ. ಲೀಸಿನ ಒಟ್ಟು ಭಾರ 10.68 ಲಕ್ಷ.

ಕೊಳ್ಳುವ ಕಡೆ ಒಂದು ಅನುಕೂಲ ಇದೆ. ಸಾಲದ ಬಡ್ಡಿ ದರದಲ್ಲೇ ಇಳಿಸಿದರೆ ಇಎಂಐ ಲೆಕ್ಕದಿಂದ ಹೊರಗೇ ಹೋಗುತ್ತದೆ. 10 ಲಕ್ಷ ಸಾಲಕ್ಕೆ ನಾಲ್ಕು ವರ್ಷ, 9% ಆದರೆ ಇಎಂಐ 24,885. ಆ 48 ಕಂತುಗಳ ಇವತ್ತಿನ ಮೌಲ್ಯ ಮತ್ತೆ ಅದೇ 10 ಲಕ್ಷ. ಹಾಗಾಗಿ ಎಷ್ಟು ಸಾಲ, ಎಷ್ಟು ಕೈಯಿಂದ ಅನ್ನುವುದು ಇಲ್ಲಿ ಮುಖ್ಯವಲ್ಲ. ಕೊಳ್ಳುವ ಭಾರ ಅಂದರೆ ಆನ್‌ರೋಡ್ 13 ಲಕ್ಷ, ಮೇಲಿನ ಖರ್ಚುಗಳ ಇವತ್ತಿನ ಮೌಲ್ಯ ಸುಮಾರು 96,000. ಒಟ್ಟು 13.96 ಲಕ್ಷ.

ಎರಡಕ್ಕೂ ವ್ಯತ್ಯಾಸ 3.28 ಲಕ್ಷ. ರೀಸೇಲ್ ತುಂಬಿಕೊಡಬೇಕಾದದ್ದು ಇಷ್ಟನ್ನು. ಇದನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ದರೆ 4.70 ಲಕ್ಷ ಆಗುತ್ತದೆ. ಅಂದರೆ ನಾಲ್ಕು ವರ್ಷದ ನಂತರ ಕಾರು 4.70 ಲಕ್ಷಕ್ಕಿಂತ ಜಾಸ್ತಿಗೆ ಹೋದರೆ ಕೊಂಡದ್ದು ಲಾಭ, ಕಡಿಮೆಗೆ ಹೋದರೆ ಲೀಸೇ ವಾಸಿ. ಆನ್‌ರೋಡ್ ಬೆಲೆಯಲ್ಲಿ ಇದು 36%.

ಪೆಟ್ರೋಲ್ ಕಾರಾಗಿದ್ದರೆ ನಾನು ಇಷ್ಟಕ್ಕೇ ಶೀಟು ಮುಚ್ಚಿ ಕೊಂಡುಬಿಡುತ್ತಿದ್ದೆ. ಚೆನ್ನಾಗಿ ಓಡುವ ಮಾಡೆಲ್ ಆದರೆ ನಾಲ್ಕು ವರ್ಷಕ್ಕೆ 36%ಗೆ ಇಳಿಯುವುದು ಅಪರೂಪ. ಎಲೆಕ್ಟ್ರಿಕ್‌ನಲ್ಲಿ ಆ ಧೈರ್ಯ ಇಲ್ಲ. ಹೊಸ ಮಾಡೆಲ್ ಜಾಸ್ತಿ ರೇಂಜ್ ಇಟ್ಟುಕೊಂಡು ಅದೇ ಬೆಲೆಗೆ ಬಂದರೆ ಹಳೆಯದರ ಬೆಲೆ ಒಂದೇ ಸಲ ಕುಸಿಯುತ್ತದೆ. ಬ್ಯಾಟರಿ ಬಗ್ಗೆ ಕೊಳ್ಳುವವರ ಭಯ ಬೇರೆ.

ಹಾಗಾಗಿ ಹಳೇ ಕಾರು ಡೀಲರ್‌ಗಳ ಹತ್ತಿರ ಹೋದೆ. ಆನ್‌ಲೈನ್ ಜಾಹೀರಾತಿನಲ್ಲಿ ಇರುವುದು ಮಾರುವವರು ಕೇಳುವ ಬೆಲೆ. ನಮಗೆ ಬೇಕಾದದ್ದು ಡೀಲರ್ ಕೈಗೆ ಕೊಡುವ ಬೆಲೆ. ಎರಡರ ನಡುವೆ ಒಂದು ಲಕ್ಷದವರೆಗೂ ಅಂತರ ಕಂಡೆ. ಇನ್ನೊಂದು ಸೂಕ್ಷ್ಮ ಇದೆ. ಇವತ್ತು ನಾಲ್ಕು ವರ್ಷ ಹಳೆಯದಾದ ಕಾರು ಆವತ್ತು ಬೇರೆ ಬೆಲೆಗೆ ಮಾರಾಟವಾಗಿತ್ತು. ಆದ್ದರಿಂದ ರೂಪಾಯಿಯನ್ನು ನೇರವಾಗಿ ತೆಗೆದುಕೊಳ್ಳಬಾರದು, ಶೇಕಡಾ ತೆಗೆದುಕೊಳ್ಳಬೇಕು. ಆವತ್ತು ಆನ್‌ರೋಡ್ 14 ಲಕ್ಷ ಇದ್ದ ಅದೇ ವರ್ಗದ ಎಲೆಕ್ಟ್ರಿಕ್ ಕಾರು, 60,000 ಕಿಲೋಮೀಟರ್ ಓಡಿದ್ದು, ಅದಕ್ಕೆ ಡೀಲರ್ ಹೇಳಿದ್ದು 5.6 ಲಕ್ಷ. ಅಂದರೆ 40%. ನನ್ನ 13 ಲಕ್ಷದ ಕಾರಿಗೆ ಅದು 5.2 ಲಕ್ಷ ಆಗುತ್ತದೆ.

ಡೀಲರ್ ಮೊದಲು ಕೇಳಿದ್ದು ಬ್ಯಾಟರಿ ವಾರಂಟಿ ಬಗ್ಗೆ. "ಎರಡನೇ ಓನರ್‌ಗೆ ಪೂರ್ತಿ ಬರುತ್ತಾ ಸಾರ್, ಅದನ್ನ ಮೊದಲು ನೋಡಿ" ಅಂದರು. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುವುದು ಸಾಮಾನ್ಯ. ಕೆಲವು ವಿಶೇಷ ಕೊಡುಗೆಗಳು ಮಾತ್ರ ಮೊದಲ ಮಾಲೀಕರಿಗೇ ಸೀಮಿತ. ವಾರಂಟಿ ಪುಸ್ತಕದಲ್ಲಿ ವರ್ಗಾವಣೆಯ ಷರತ್ತು ಓದದೆ ರೀಸೇಲ್ ಅಂಕಿ ಹಾಕಬೇಡಿ.

5.2 ಲಕ್ಷ ನಿಜವಾದರೆ ಕೊಳ್ಳುವುದರಿಂದ ಸಿಗುವ ಲಾಭ ಇವತ್ತಿನ ಮೌಲ್ಯದಲ್ಲಿ ಬರೀ 35,000. ಇಷ್ಟು ಸಣ್ಣ ಅಂತರಕ್ಕೆ ಬೆಲೆ ಕುಸಿಯುವ ಅಪಾಯವನ್ನು ತಲೆ ಮೇಲೆ ಹೊರಬೇಕಾ? ನನ್ನ ಲೆಕ್ಕದಲ್ಲಿ ಇದನ್ನು ತೀರ್ಮಾನಿಸಿದ್ದು ಕಿಲೋಮೀಟರ್. ನನ್ನ ಓಡಾಟ ವರ್ಷಕ್ಕೆ ಸುಮಾರು 18,000. ನಾಲ್ಕು ವರ್ಷಕ್ಕೆ 12,000 ಜಾಸ್ತಿ, ಕೊನೆಗೆ 96,000 ದಂಡ. ಇವತ್ತಿನ ಮೌಲ್ಯದಲ್ಲಿ 67,000. ಲೀಸಿನ ಭಾರ ಏರಿತು, ಸಮ ಆಗುವ ರೀಸೇಲ್ ಬೆಲೆ 3.74 ಲಕ್ಷಕ್ಕೆ ಇಳಿಯಿತು. ಜಾಸ್ತಿ ಓಡಿಸಿದರೆ ನನ್ನ ಸ್ವಂತ ಕಾರಿನ ಬೆಲೆಯೂ ಇಳಿಯುತ್ತದೆ, ಅದು ನಿಜ. ಆದರೆ 72,000 ಕಿಲೋಮೀಟರಿಗೆ ಡೀಲರ್ ಕಡಿಮೆ ಮಾಡಿದ್ದು 40,000 ಮಾತ್ರ. ಅದೇ 12,000 ಕಿಲೋಮೀಟರಿಗೆ ಲೀಸ್ ಕಂಪನಿ ಕೇಳುವುದು 96,000, ಮಾರ್ಕೆಟ್ ಕಳೆಯುವುದು 40,000. 4.8 ಲಕ್ಷ ಬಂದರೂ 3.74ರ ಮೇಲೆ ಒಂದು ಲಕ್ಷಕ್ಕಿಂತ ಜಾಸ್ತಿ ಅಂತರ ಉಳಿಯುತ್ತದೆ. ನಾನು ಕೊಂಡುಬಿಟ್ಟೆ.

ಲೀಸ್ ಕಂಪನಿಯ ಏಜೆಂಟ್ ತೋರಿಸಿದ ಶೀಟಿನಲ್ಲಿ ಇದೇ ಅಂಕಿಗಳಿಗೆ ಲೀಸೇ ಗೆದ್ದಿತ್ತು. ಯಾಕೆ ಅಂತ ನೋಡಿದೆ. ಅವರು 12% ದರ ಹಾಕಿದ್ದರು. "ಆ ದುಡ್ಡು ಮ್ಯೂಚುವಲ್ ಫಂಡಲ್ಲಿ ಹಾಕಿದ್ರೆ ಅಷ್ಟು ಬರುತ್ತಲ್ವಾ ಸಾರ್" ಅನ್ನುವುದು ಅವರ ವಾದ. ದರ ಏರಿದಷ್ಟೂ ದೂರದ ರೀಸೇಲ್ ದುಡ್ಡಿನ ಇವತ್ತಿನ ಮೌಲ್ಯ ಕುಗ್ಗುತ್ತದೆ. 12% ಹಾಕಿದರೆ, ಕಿಲೋಮೀಟರ್ ದಂಡ ಸೇರಿಸಿದ ಮೇಲೂ, ಸಮ ಆಗುವ ಬೆಲೆ 3.74ರಿಂದ 5.06 ಲಕ್ಷಕ್ಕೆ ಹಾರುತ್ತದೆ. ದಂಡ ಬಿಟ್ಟರೆ 6.02 ಲಕ್ಷ. ಆದರೆ ಬಾಡಿಗೆ ಕಟ್ಟಲೇಬೇಕಾದ ದುಡ್ಡು, ಸಾಲದ ಕಂತಿನ ಹಾಗೇ. ಅದನ್ನು ಏರಿಳಿಯುವ ಷೇರಿನ ಗಳಿಕೆಯ ದರದಲ್ಲಿ ಇಳಿಸುವುದು ಸರಿಯಲ್ಲ. ಸಾಲ ಮಾಡಿ ಕೊಳ್ಳುವವರು ಸಾಲದ ದರ ಹಾಕಬೇಕು. ಎಫ್‌ಡಿ ಮುರಿದು ಕೊಳ್ಳುವವರು ಎಫ್‌ಡಿ ಬಡ್ಡಿಯಲ್ಲಿ ತೆರಿಗೆ ಕಳೆದು ಉಳಿಯುವ ದರ ಹಾಕಬೇಕು, ಅದು ಇನ್ನೂ ಕಡಿಮೆ. ಯಾರಾದರೂ ಲೀಸ್ ಶೀಟು ತೋರಿಸಿದರೆ ಮೊದಲು ದರದ ಕೋಶ ನೋಡಿ. ಆಮೇಲೆ ರೀಸೇಲ್ ಸಾಲು ಇದೆಯಾ ಅಂತ ನೋಡಿ. ಕೆಲವರು ಅದನ್ನು ಬಿಟ್ಟೇ ಇರುತ್ತಾರೆ.

ನಮ್ಮ ಭಾವ ಅದೇ ಶೀಟು ಇಸಿದುಕೊಂಡು ತಮ್ಮ ಅಂಕಿ ಹಾಕಿದರು. ಅವರ ಓಡಾಟ ವರ್ಷಕ್ಕೆ 15,000 ದಾಟುವುದಿಲ್ಲ. ಅವರಿಗೆ ಸಮ ಆಗುವ ಬೆಲೆ 4.70 ಲಕ್ಷ, ಡೀಲರ್ ಮಾತು 5.2. "ಆ 35,000 ಹೋದರೆ ಹೋಗಲಿ, ಹಳೇ ಎಲೆಕ್ಟ್ರಿಕ್ ಕಾರು ಮಾರೋ ತಲೆನೋವು ಬೇಡ" ಅಂತ ಅವರು ಲೀಸಿಗೇ ಹೋದರು. ಅವರ ಲೆಕ್ಕಕ್ಕೆ ಅದು ಸರಿಯೇ. ಸಹಿ ಹಾಕುವ ಮುಂಚೆ ಎರಡು ವಿಷಯ ಬರೆಸಿಕೊಳ್ಳಿ ಅಂತ ಅವರಿಗೆ ಹೇಳಿದೆ. ಮಧ್ಯದಲ್ಲಿ ಕಾರು ವಾಪಸ್ ಕೊಟ್ಟರೆ ಎಷ್ಟು ತಿಂಗಳ ಬಾಡಿಗೆ ಕಟ್ಟಬೇಕು ಅನ್ನುವುದು ಒಂದು. ವಾಪಸ್ ಕೊಡುವಾಗ ಯಾವ ಗೀರು, ಯಾವ ತಗ್ಗು ಸಾಮಾನ್ಯ ಸವೆತ, ಯಾವುದಕ್ಕೆ ದುಡ್ಡು ಹಿಡಿಯುತ್ತಾರೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಕಂಪನಿಯವರ ಹತ್ತಿರ ಅಳತೆ ಸಮೇತ ಚಾರ್ಟ್ ಇತ್ತು, ಕೇಳಿದ ಮೇಲೆ ಕೊಟ್ಟರು. ಭಾವ ಅದನ್ನು ಒಪ್ಪಂದಕ್ಕೆ ಲಗತ್ತಿಸಿ ಪ್ರತಿ ಪುಟಕ್ಕೂ ಅವರ ಸಹಿ ಹಾಕಿಸಿಕೊಂಡರು.