ಮಾಡ್ಯುಲಸ್ ಅಸಮತೆ ಕೊಟ್ಟರೆ ಚಿತ್ರ ಬಿಡಿಸುವುದು ಹೇಗೆ?

|z − a| ಅಂತ ಕಂಡಾಗ ಅದನ್ನು ಮೊದಲು ದೂರ ಅಂತ ಓದಿಕೊಳ್ಳಿ. ಸಂಕೀರ್ಣ ಸಮತಲದಲ್ಲಿ z ಅನ್ನುವ ಬಿಂದುವಿಗೂ a ಅನ್ನುವ ಬಿಂದುವಿಗೂ ನಡುವಿನ ದೂರ ಅದು. ಹಾಗೆ ಓದಿದರೆ |z − a| < r ತಾನಾಗಿಯೇ ಬಿಡಿಸಿಕೊಳ್ಳುತ್ತದೆ: a ಕೇಂದ್ರ, r ತ್ರಿಜ್ಯ ಇರುವ ವೃತ್ತದ ಒಳಭಾಗ. ಇದನ್ನೇ ಡಿಸ್ಕ್ ಅನ್ನುತ್ತೇವೆ. ಗುರುತಿನ ಮೇಲೆ ಸ್ವಲ್ಪ ಎಚ್ಚರ ಬೇಕು. |z + 2i| ಅಂದರೆ |z − (−2i)|, ಆದ್ದರಿಂದ ಕೇಂದ್ರ −2i, 2i ಅಲ್ಲ.

ಎರಡೂ ಕಡೆ ಮಾಡ್ಯುಲಸ್ ಇದ್ದಾಗ ಮಾತ್ರ ನಿಜವಾದ ಕೆಲಸ ಶುರುವಾಗುತ್ತದೆ.

ಎರಡು ದೂರಗಳನ್ನು ಹೋಲಿಸುವಾಗ

|z − 2| < |z − 4i| ತೆಗೆದುಕೊಳ್ಳಿ. 4i ಗಿಂತ 2 ಕ್ಕೆ ಹತ್ತಿರ ಇರುವ ಬಿಂದುಗಳು ಬೇಕು ಅಂತ ಇದು ಕೇಳುತ್ತಿದೆ. ಎರಡರಿಂದಲೂ ಸಮ ದೂರದಲ್ಲಿರುವ ಬಿಂದುಗಳು ಲಂಬ ಸಮದ್ವಿಭಾಜಕದ ಮೇಲಿರುತ್ತವೆ. ಹಾಗಾಗಿ ಉತ್ತರ ಆ ಗೆರೆಯ ಒಂದು ಕಡೆ, ಅಂದರೆ ಅರ್ಧ ಸಮತಲ.

ಸಮೀಕರಣ ಬೇಕಿದ್ದರೆ z = x + iy ಹಾಕಿ, ಎರಡೂ ಕಡೆ ವರ್ಗ ಮಾಡಿ. ಮಾಡ್ಯುಲಸ್ ಯಾವತ್ತೂ ಋಣ ಆಗುವುದಿಲ್ಲ, ಆದ್ದರಿಂದ ವರ್ಗ ಮಾಡಿದರೂ ಅಸಮತೆಯ ದಿಕ್ಕು ಬದಲಾಗದು.

(x − 2)² + y² < x² + (y − 4)²

x² ಮತ್ತು y² ಎರಡೂ ಕಡೆಯಿಂದ ಹೋಗುತ್ತವೆ. ಉಳಿಯುವುದು x − 2y + 3 > 0. ಸರಿಯೇ ಅಂತ ನೋಡಲು z = 2 ಹಾಕಿ: 5 > 0, ಸರಿ. ನಡುವಿನ ಬಿಂದು 1 + 2i ಹಾಕಿದರೆ ಸೊನ್ನೆ ಬರುತ್ತದೆ, ಅದು ಗೆರೆಯ ಮೇಲೇ ಇದೆ.

ಒಂದು ಕಡೆ 2 ಬಂದು ಕೂತರೆ

ಈಗ |z − 6| ≤ 2|z − 3|. ನೋಡೋಕೆ ಮೊದಲಿನ ಹಾಗೇ ಇದೆ ಅಲ್ವಾ? ಆದರೆ ಒಂದು 2 ಸೇರಿದ್ದಕ್ಕೇ ಗೆರೆ ಹೋಗಿ ವೃತ್ತ ಬರುತ್ತದೆ. ವರ್ಗ ಮಾಡಿ:

x² − 12x + 36 + y² ≤ 4x² − 24x + 36 + 4y²

ಈ ಸಲ x², y² ಪೂರ್ತಿ ರದ್ದಾಗುವುದಿಲ್ಲ. ಎಲ್ಲವನ್ನೂ ಬಲಕ್ಕೆ ತಂದು 3ರಿಂದ ಭಾಗಿಸಿದರೆ x² + y² − 4x ≥ 0. ವರ್ಗ ಪೂರ್ಣಗೊಳಿಸಿದರೆ (x − 2)² + y² ≥ 4, ಅಂದರೆ |z − 2| ≥ 2.

ಇಲ್ಲಿ ಎರಡು ಕಡೆ ಜಾಸ್ತಿ ಜನ ಎಡವುತ್ತಾರೆ. ಮೊದಲನೆಯದು, ಕೇಂದ್ರ 3 ಅಲ್ಲ, 6 ಕೂಡ ಅಲ್ಲ, 2. ಎರಡನೆಯದು, ಪ್ರಶ್ನೆಯಲ್ಲಿ ≤ ಇತ್ತು ಅಂತ ಸುಮ್ನೆ ಒಳಭಾಗಕ್ಕೆ ಗೆರೆ ಎಳೆದುಬಿಡುತ್ತಾರೆ. ಉತ್ತರ ಹೊರಭಾಗ, ಅಂಚೂ ಸೇರಿ. z = 6 ಹಾಕಿ ನೋಡಿ: 0 ≤ 6, ನಿಜ. 6 ಇರುವುದು ವೃತ್ತದ ಹೊರಗೆ. z = 3 ಹಾಕಿದರೆ 3 ≤ 0, ಸುಳ್ಳು. 3 ಇರುವುದು ಒಳಗೆ. ಒಳ-ಹೊರ ತೀರ್ಮಾನಕ್ಕೆ ಇಂಥ ಒಂದು ಬಿಂದು ಸಾಕು.

ಬೀಜಗಣಿತವಿಲ್ಲದೆ ಇದೇ ವೃತ್ತ ಹಿಡಿಯುವ ದಾರಿ ನನಗೆ ಹೆಚ್ಚು ಇಷ್ಟ. 3 ಮತ್ತು 6ರ ಮೂಲಕ ಹೋಗುವ ಗೆರೆಯ ಮೇಲೆ, 6ರಿಂದ ಇರುವ ದೂರ 3ರಿಂದ ಇರುವ ದೂರದ ಎರಡರಷ್ಟಾಗುವ ಬಿಂದುಗಳನ್ನು ಹುಡುಕಿ. ಎರಡರ ನಡುವೆ 4 ಸಿಗುತ್ತದೆ: ದೂರ 2 ಮತ್ತು 1. ಆಚೆ ಕಡೆ 0 ಸಿಗುತ್ತದೆ: ದೂರ 6 ಮತ್ತು 3. ಈ 0 ಮತ್ತು 4 ವ್ಯಾಸದ ಎರಡು ತುದಿಗಳು. ಹಾಗಾಗಿ ಕೇಂದ್ರ 2, ತ್ರಿಜ್ಯ 2. ಪ್ರಾಚೀನ ಗ್ರೀಕ್ ಗಣಿತಜ್ಞ ಅಪೊಲೋನಿಯಸ್ ಹೆಸರಿನಲ್ಲಿ ಕರೆಯುವ ವೃತ್ತ ಇದೇ.

ಸಾಮಾನ್ಯವಾಗಿ |z − a| < k|z − b| ಇದ್ದರೆ (a ಮತ್ತು b ಬೇರೆ ಬೇರೆ, k > 0), k = 1 ಆದಾಗ ಅರ್ಧ ಸಮತಲ. k < 1 ಆದರೆ a ಅನ್ನು ಒಳಗೊಂಡ ಡಿಸ್ಕ್. k > 1 ಆದರೆ b ಅನ್ನು ಒಳಗೊಂಡ ವೃತ್ತದ ಹೊರಗಿನದೆಲ್ಲ. k ನಿಧಾನವಾಗಿ 1ರ ಹತ್ತಿರ ಬಂದಂತೆ ವೃತ್ತ ದೊಡ್ಡದಾಗುತ್ತಾ ಹೋಗುತ್ತದೆ, 1 ಮುಟ್ಟಿದಾಗ ನೆಟ್ಟಗಿನ ಗೆರೆಯೇ ಆಗುತ್ತದೆ.

ಭಿನ್ನರಾಶಿಯ ರೂಪದಲ್ಲಿ ಕೊಟ್ಟರೆ

|(z − 6)/(z − 3)| > 2 ಅಂತ ಕೇಳಿದರೆ? ಛೇದವನ್ನು ಆಚೆ ಸಾಗಿಸಿದರೆ |z − 6| > 2|z − 3|, ಅಂದರೆ ಡಿಸ್ಕ್ |z − 2| < 2. ಆದರೆ z = 3ರಲ್ಲಿ ಛೇದ ಸೊನ್ನೆ, ಅಲ್ಲಿ ಭಿನ್ನರಾಶಿಗೆ ಅರ್ಥವೇ ಇಲ್ಲ. 3 ಇರುವುದು ಡಿಸ್ಕ್ ಒಳಗೇ. ಆದ್ದರಿಂದ ಚಿತ್ರದಲ್ಲಿ ಅಂಚನ್ನು ಚುಕ್ಕೆ ಗೆರೆಯಲ್ಲಿ ಬರೆದು, ಒಳಗೆಲ್ಲ ಬಣ್ಣ ತುಂಬಿ, 3ರ ಜಾಗದಲ್ಲಿ ಒಂದು ಪುಟ್ಟ ಖಾಲಿ ಸೊನ್ನೆ ಬಿಡಬೇಕು.