ಡೌನ್‌ಲೋಡ್ ಸುಲಭ, ಹನ್ನೆರಡು ವೋಲ್ಟಿನ ಬ್ಯಾಟರಿ ಕಷ್ಟ

ನನ್ನ ಕೆಲಸ ಕಾರುಗಳ ಓಟಿಎ, ಅಂದರೆ ಗ್ಯಾರೇಜಿಗೆ ಬಾರದೆ ಗಾಳಿಯಲ್ಲೇ ಬರುವ ಸಾಫ್ಟ್‌ವೇರ್ ಅಪ್‌ಡೇಟ್. "ಮೊಬೈಲಿನದ್ದೇ ಕಥೆ ತಾನೆ?" ಅಂತ ನಮ್ಮ ಭಾವ ಕೇಳುತ್ತಿರುತ್ತಾರೆ. ಆಗೆಲ್ಲ ನಾನು ಬ್ರೇಕಿನ ಕಥೆ ಹೇಳುತ್ತೇನೆ. 2018ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕ ಸಂಸ್ಥೆ ಟೆಸ್ಲಾ ಮಾಡೆಲ್ 3 ಪರೀಕ್ಷಿಸಿದಾಗ, ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು ಅದಕ್ಕೆ 152 ಅಡಿ ಬೇಕಾಯಿತು. ಕೆಲವೇ ದಿನಗಳಲ್ಲಿ ಎಬಿಎಸ್‌ಗೆ ಹೊಸ ಸಾಫ್ಟ್‌ವೇರ್ ಬಂತು, ಅದೇ ಕಾರು 133 ಅಡಿಯಲ್ಲಿ ನಿಂತಿತು. ಪ್ಯಾಡು, ಡಿಸ್ಕು ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಕಾರಿನ ಗುಣವನ್ನು ಕಬ್ಬಿಣಕ್ಕಿಂತ ಹೆಚ್ಚಾಗಿ ಕೋಡು ನಿರ್ಧರಿಸುವುದರಿಂದಲೇ ಇಂಥವನ್ನು ಸಾಫ್ಟ್‌ವೇರ್ ಡಿಫೈನ್ಡ್ ವೆಹಿಕಲ್ ಅನ್ನುವುದು. ಬರೀ ಮ್ಯಾಪು, ಹಾಡಿನ ಆ್ಯಪು ಬದಲಾಗುವ ಕಾರಿಗೂ ಈ ಹೆಸರು ಅಂಟಿಸುತ್ತಾರೆ; ನನಗದು ಒಪ್ಪಿಗೆಯಿಲ್ಲ.

ಕಾರಿನ ದೊಡ್ಡ ಪರದೆಯ ಕಂಪ್ಯೂಟರಿನ ಮೆಮರಿಯಲ್ಲಿ ಸಾಮಾನ್ಯವಾಗಿ ಎ, ಬಿ ಅಂತ ಎರಡು ಕೋಣೆ ಇರುತ್ತವೆ. ಎ ಓಡುತ್ತಿರುವಾಗಲೇ ಬಿ ಒಳಗೆ ಹೊಸದನ್ನು ಬರೆದು, ಡಿಜಿಟಲ್ ಸಹಿ ತಾಳೆ ನೋಡಿ, ರೀಸ್ಟಾರ್ಟ್ ಮಾಡುತ್ತೇವೆ. ಬಿ ಏಳದಿದ್ದರೆ ಎ ಇದ್ದೇ ಇದೆ. ಆದರೆ ವೈಪರ್, ಇಂಡಿಕೇಟರ್, ಬಾಗಿಲ ಲಾಕ್ ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್‌ನಂಥ ಸಣ್ಣ ಕಂಪ್ಯೂಟರ್ ಪೆಟ್ಟಿಗೆಗೆ ಎಷ್ಟೋ ಸಲ ಒಂದೇ ಕೋಣೆ. ಹಳೆಯದನ್ನು ಅಳಿಸಿದ ಮೇಲೇ ಹೊಸದನ್ನು ಬರೆಯಬೇಕು. ಅದಕ್ಕೇ ಕಾರು ನಿಂತಿರಬೇಕು, ಎಂಜಿನ್ ಆಫ್ ಆಗಿರಬೇಕು.

ನಾನು ಎಡವಿದ್ದು ಇಲ್ಲೇ. ಬೇಸ್‌ಮೆಂಟಿನಲ್ಲಿದ್ದ ನಮ್ಮ ಪೆಟ್ರೋಲ್ ಟೆಸ್ಟ್ ಕಾರಿನ ಬ್ಯಾಟರಿ 12.4 ವೋಲ್ಟ್ ತೋರಿಸುತ್ತಿತ್ತು. ಸಾಕು ಅಂದುಕೊಂಡು ಶುರು ಮಾಡಿದೆ. ಅಪ್‌ಡೇಟ್ ವೇಳೆ ಪೆಟ್ಟಿಗೆಗಳೆಲ್ಲ ಎಚ್ಚರವಾಗಿದ್ದು ಕರೆಂಟ್ ಎಳೆಯುತ್ತವೆ, ಎಂಜಿನ್ ಆಫ್ ಇರುವುದರಿಂದ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ತಿರುಗುವುದಿಲ್ಲ. ಬ್ಯಾಟರಿ ಹಳೆಯದು. ಅರ್ಧ ಬರೆದಾಗ ವೋಲ್ಟೇಜ್ ಕುಸಿಯಿತು, ಮಾಡ್ಯೂಲ್ ಮೌನವಾಯಿತು. ರಿಮೋಟ್ ಒತ್ತಿದರೆ ಬಾಗಿಲು ಅಲ್ಲಾಡಲಿಲ್ಲ. ಸ್ಕ್ಯಾನರ್ ಹಚ್ಚಿದರೆ ಉಳಿದ ಪೆಟ್ಟಿಗೆಗಳದ್ದೆಲ್ಲ ಒಂದೇ ದೂರು: `U0140`, ಬಾಡಿ ಮಾಡ್ಯೂಲ್ ಮಾತಾಡುತ್ತಿಲ್ಲ.

ಪುಣ್ಯಕ್ಕೆ, ಪೆಟ್ಟಿಗೆಯನ್ನು ಎಬ್ಬಿಸಿ ಹೊಸದನ್ನು ಬರೆಸಿಕೊಳ್ಳುವ ಪುಟ್ಟ ಪ್ರೋಗ್ರಾಂ ಆದ ಬೂಟ್‌ಲೋಡರ್ ಮೆಮರಿಯ ಬೇರೆ ಭಾಗದಲ್ಲಿರುತ್ತದೆ, ಅದನ್ನು ನಾವು ಅಳಿಸುವುದಿಲ್ಲ. ಚಾರ್ಜರ್ ಕಟ್ಟಿ, ಕೇಬಲ್ ಮೂಲಕ ಮೊದಲಿನಿಂದ ಬರೆದೆವು, ಎದ್ದಿತು. ಆದರೆ ಗ್ರಾಹಕರ ಮನೆಯಲ್ಲಿ ಕೇಬಲ್ ಎಲ್ಲಿಂದ ತರೋಣ?

ತಪ್ಪು ಬ್ಯಾಟರಿಯದಲ್ಲ, ನಾನು ಅಳೆದ ರೀತಿಯದು. ಭಾರವಿಲ್ಲದಾಗ ಮುದಿ ಬ್ಯಾಟರಿಯೂ ಒಳ್ಳೆಯ ವೋಲ್ಟೇಜನ್ನೇ ತೋರಿಸುತ್ತದೆ. ಈಗ ಮೊದಲು ಪೆಟ್ಟಿಗೆಗಳನ್ನೆಲ್ಲ ಎಬ್ಬಿಸಿ, ಒಂದು ನಿಮಿಷ ಭಾರ ಹೊರಿಸಿ, ವೋಲ್ಟೇಜ್ ಎಷ್ಟು ಇಳಿಯಿತೆಂದು ನೋಡುತ್ತೇವೆ. ಒಂದೇ ಕೋಣೆಯ ಪೆಟ್ಟಿಗೆಗಳ ಸರದಿ ಮೊದಲು, ಬ್ಯಾಟರಿ ಗಟ್ಟಿಯಿರುವಾಗಲೇ. ಅದೇ ಹಳೆಯ ಬ್ಯಾಟರಿ ಹಾಕಿ ಮತ್ತೆ ಪರೀಕ್ಷಿಸಿದೆ. ಈ ಸಲ ಏನನ್ನೂ ಅಳಿಸುವ ಮೊದಲೇ, ಸ್ವಲ್ಪ ದೂರ ಓಡಿಸಿ ಬನ್ನಿ ಎಂದು ಪರದೆಯೇ ತಡೆಯಿತು.